ಥರ್ಮಿಸ್ಟರ್‌ನಿಂದ ಸರಿಯಾದ ಉಷ್ಣಾಂಶ ಓದುವ ಬಗೆ

ಎನ್‌ಟಿಸಿ ಥರ್ಮಿಸ್ಟರ್ ಎಂದರೆ ಕಾದಂತೆಲ್ಲ ರೋಧ ಕಡಿಮೆಯಾಗುವ, ತಣ್ಣಗಾದಂತೆಲ್ಲ ರೋಧ ಹೆಚ್ಚುವ ಒಂದು ಪುಟ್ಟ ಬಿಡಿಭಾಗ. ಸಾಸಿವೆ ಕಾಳಿನಷ್ಟು ಗಾತ್ರದ ಮಣಿ, ಅದಕ್ಕೆ ಎರಡು ತಂತಿ, ಮೇಲೊಂದು ಎಪಾಕ್ಸಿ ಅಥವಾ ಗಾಜಿನ ಹೊದಿಕೆ. ಮ್ಯಾಂಗನೀಸ್, ನಿಕ್ಕಲ್, ಕೋಬಾಲ್ಟ್‌ನಂಥ ಲೋಹಗಳ ಆಕ್ಸೈಡ್ ಪುಡಿಯನ್ನು ಒತ್ತಿ, ಕುಲುಮೆಯಲ್ಲಿ ಸುಟ್ಟು ಈ ಮಣಿಯನ್ನು ಮಾಡುತ್ತಾರೆ. ಫ್ರಿಜ್, ಏಸಿ, ಡಿಜಿಟಲ್ ಜ್ವರಮಾಪಕ, ಬ್ಯಾಟರಿ ಪ್ಯಾಕ್, 3ಡಿ ಪ್ರಿಂಟರ್ ಎಲ್ಲದರಲ್ಲೂ ಬಿಸಿ ತಂಪನ್ನು ಅಳೆಯುವುದು ಹೆಚ್ಚಾಗಿ ಇದೇ. ಬೆಲೆ ಕೆಲವೇ ರೂಪಾಯಿ. ಸರಿಯಾಗಿ ಓದಿದರೆ ಅರ್ಧ ಡಿಗ್ರಿಯೊಳಗಿನ ನಿಖರತೆ ಇದರಿಂದ ಕಷ್ಟವಿಲ್ಲದೆ ಸಿಗುತ್ತದೆ. ತಪ್ಪಾಗಿ ಓದಿದರೆ ಮೂರು ಡಿಗ್ರಿ ಆಚೀಚೆಯಾಗಿದ್ದೂ ಪರದೆಯ ಮೇಲಿನ ಅಂಕಿ ನಂಬುವಂತೆಯೇ ಕಾಣುತ್ತದೆ.

ಥರ್ಮಿಸ್ಟರ್ ತಾನಾಗಿ ಉಷ್ಣಾಂಶವನ್ನು ಹೇಳುವುದಿಲ್ಲ, ರೋಧವನ್ನಷ್ಟೇ ಬದಲಿಸುತ್ತದೆ. ಮೈಕ್ರೋಕಂಟ್ರೋಲರ್‌ಗೆ ರೋಧ ನೇರವಾಗಿ ತಿಳಿಯುವುದಿಲ್ಲ, ಅದು ಓದುವುದು ವೋಲ್ಟೇಜನ್ನು. ಹಾಗಾಗಿ ಕೆಲಸ ಎರಡು ಹಂತದ್ದು. ಮೊದಲು ವೋಲ್ಟೇಜ್ ಡಿವೈಡರ್ ಮೂಲಕ ರೋಧವನ್ನು ವೋಲ್ಟೇಜಾಗಿ ಮಾಡಬೇಕು. ಬಳಿಕ ಲಘುಗಣಕದ ಸೂತ್ರದಿಂದ ಆ ರೋಧವನ್ನು ಡಿಗ್ರಿಯಾಗಿ ಬಿಡಿಸಬೇಕು. ಎರಡೂ ಹಂತಗಳಿಗೆ ಮುಂಚೆ ತೀರ್ಮಾನವಾಗಬೇಕಾದ ಒಂದು ವಿಷಯವಿದೆ. ಅಳತೆ ಯಾವ ಡಿಗ್ರಿಯ ಆಸುಪಾಸಿನಲ್ಲಿ ಸರಿಯಾಗಿರಬೇಕು ಎಂಬುದೇ ಆ ವಿಷಯ. ರೆಸಿಸ್ಟರ್‌ನ ಆಯ್ಕೆಯೂ ಸೂತ್ರದ ಆಧಾರಬಿಂದುವೂ ಅದನ್ನೇ ಅವಲಂಬಿಸಿವೆ.

ಉದಾಹರಣೆಗೆ ಒಂದು ಹಾಲಿನ ಟ್ಯಾಂಕ್

ಹಳ್ಳಿಯ ಹಾಲು ಸಂಗ್ರಹ ಕೇಂದ್ರದ ಬಲ್ಕ್ ಮಿಲ್ಕ್ ಕೂಲರನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಕರೆದ ಹಾಲು ಸುಮಾರು 35 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಬಂದು ಟ್ಯಾಂಕಿಗೆ ಬೀಳುತ್ತದೆ. ಬ್ಯಾಕ್ಟೀರಿಯಾ ಬೆಳೆಯದಂತೆ ಅದನ್ನು 4 ಡಿಗ್ರಿಗೆ ಇಳಿಸಿ ಅಲ್ಲಿಯೇ ನಿಲ್ಲಿಸಬೇಕು. 7 ಡಿಗ್ರಿಯಲ್ಲಿ ನಿಂತರೆ ಹಾಲು ಬೇಗ ಕೆಡುತ್ತದೆ. ಸೊನ್ನೆಗಿಂತ ಕೆಳಗಿಳಿದರೆ ಟ್ಯಾಂಕಿನ ಗೋಡೆಗೆ ಹಾಲು ಹೆಪ್ಪುಗಟ್ಟತೊಡಗುತ್ತದೆ. ಅಂದರೆ ಇಲ್ಲಿ 35ರ ಹತ್ತಿರ ಅರ್ಧ ಡಿಗ್ರಿ ತಪ್ಪಿದರೂ ತೊಂದರೆಯಿಲ್ಲ, 4ರ ಹತ್ತಿರ ತಪ್ಪಬಾರದು.

ಅಳೆಯಲು ಬಳಸುವುದು ಅಂಗಡಿಗಳಲ್ಲಿ ಹೆಚ್ಚು ಸಿಗುವ ಬಗೆ: 25 ಡಿಗ್ರಿಯಲ್ಲಿ 10 ಕಿಲೋಓಮ್ ರೋಧ, ಬೀಟಾ 3950. ಓದುವ ಸಾಧನ 5 ವೋಲ್ಟಿನ ಆರ್ಡುಯಿನೋ ಊನೋ. ಅದರೊಳಗಿನ ಎಡಿಸಿ, ಅಂದರೆ ವೋಲ್ಟೇಜನ್ನು ಅಂಕಿಯಾಗಿಸುವ ಭಾಗ, ಸೊನ್ನೆಯಿಂದ 5 ವೋಲ್ಟಿನವರೆಗಿನ ಅಂತರವನ್ನು 1024 ಮೆಟ್ಟಿಲುಗಳಾಗಿ ಹಂಚುತ್ತದೆ.

ಈ ಥರ್ಮಿಸ್ಟರ್‌ನ ರೋಧ 35 ಡಿಗ್ರಿಯಲ್ಲಿ ಸುಮಾರು 6.5 ಕಿಲೋಓಮ್, 5 ಡಿಗ್ರಿಯಲ್ಲಿ 25.9, 4 ಡಿಗ್ರಿಯಲ್ಲಿ 27.3, ಸೊನ್ನೆಯಲ್ಲಿ 33.6. ತಂಪಿನ ಕಡೆ ಹೋದಂತೆ ಒಂದೊಂದು ಡಿಗ್ರಿಗೂ ರೋಧ ದೊಡ್ಡ ಹೆಜ್ಜೆ ಇಡುತ್ತದೆ. 35ರ ಬಳಿ ಒಂದು ಡಿಗ್ರಿಗೆ ಕಾಲು ಕಿಲೋಓಮ್‌ನಷ್ಟು ಬದಲಾದರೆ, 4ರ ಬಳಿ ಸುಮಾರು 1.4 ಕಿಲೋಓಮ್ ಬದಲಾಗುತ್ತದೆ. ಶೇಕಡಾವಾರಿನಲ್ಲಿ ನೋಡಿದರೆ ಮಾತ್ರ ಈ ಬದಲಾವಣೆ ಹೆಚ್ಚು ಕಡಿಮೆ ಒಂದೇ ಸಮ, ಡಿಗ್ರಿಗೆ ಶೇ. 4ರಿಂದ 5. ಲಘುಗಣಕ ಬೇಕಾಗುವುದು ಈ ಗುಣದಿಂದಲೇ. ಅದರ ವಿವರ ಮುಂದಿದೆ.

ಡಿವೈಡರ್ ಮತ್ತು ಅದರ ಜೊತೆಗಾರ ರೆಸಿಸ್ಟರ್

ವೋಲ್ಟೇಜ್ ಡಿವೈಡರ್‌ನಲ್ಲಿ ಎರಡು ರೋಧಗಳು ಒಂದರ ಕೆಳಗೊಂದು ಇರುತ್ತವೆ. 5 ವೋಲ್ಟಿನಿಂದ ಒಂದು ಸ್ಥಿರ ರೆಸಿಸ್ಟರ್ ಇಳಿಯುತ್ತದೆ. ಅದರ ಕೆಳತುದಿಗೆ ಥರ್ಮಿಸ್ಟರ್ ಸೇರುತ್ತದೆ. ಥರ್ಮಿಸ್ಟರ್‌ನ ಇನ್ನೊಂದು ತುದಿ ಗ್ರೌಂಡ್‌ಗೆ ಹೋಗುತ್ತದೆ. ಎರಡೂ ಸೇರುವ ನಡುಬಿಂದುವಿನಿಂದ ಒಂದು ತಂತಿ ಎಡಿಸಿ ಪಿನ್ನಿಗೆ. 5 ವೋಲ್ಟನ್ನು ಎರಡೂ ತಮ್ಮ ತಮ್ಮ ರೋಧಕ್ಕೆ ತಕ್ಕಂತೆ ಹಂಚಿಕೊಳ್ಳುತ್ತವೆ. ಹಾಲು ತಣ್ಣಗಾದರೆ ಥರ್ಮಿಸ್ಟರ್‌ನ ಪಾಲು ಹೆಚ್ಚುತ್ತದೆ, ನಡುಬಿಂದುವಿನ ವೋಲ್ಟೇಜ್ ಏರುತ್ತದೆ.

ಸ್ಥಿರ ರೆಸಿಸ್ಟರ್ ಎಷ್ಟಿರಬೇಕು? ಥರ್ಮಿಸ್ಟರ್ 10 ಕಿಲೋಓಮ್ ಎಂದಾದರೆ ಇದೂ 10 ಇರಲಿ ಎಂಬುದು ರೂಢಿ. ಆ ರೂಢಿ 25 ಡಿಗ್ರಿಗೆ ಸರಿ, 4 ಡಿಗ್ರಿಗೆ ಅಷ್ಟು ಸರಿಯಲ್ಲ. ಎರಡು ರೋಧಗಳಲ್ಲಿ ಒಂದು ಬಹಳ ದೊಡ್ಡದಾಗಿ ಇನ್ನೊಂದು ಬಹಳ ಚಿಕ್ಕದಾದರೆ ದೊಡ್ಡದೇ ಹೆಚ್ಚೂಕಡಿಮೆ ಪೂರ್ತಿ ವೋಲ್ಟೇಜನ್ನು ಹಿಡಿದುಕೊಳ್ಳುತ್ತದೆ, ಥರ್ಮಿಸ್ಟರ್ ಎಷ್ಟು ಬದಲಾದರೂ ನಡುಬಿಂದು ಹೆಚ್ಚು ಅಲುಗಾಡುವುದಿಲ್ಲ. ಎರಡೂ ಸಮನಾಗಿದ್ದಾಗ ಅಲುಗಾಟ ಅತಿ ಹೆಚ್ಚು. ಆದ್ದರಿಂದ ಯಾವ ಉಷ್ಣಾಂಶದಲ್ಲಿ ಸೂಕ್ಷ್ಮವಾಗಿ ಓದಬೇಕೋ ಆ ಉಷ್ಣಾಂಶದಲ್ಲಿ ಥರ್ಮಿಸ್ಟರ್‌ಗೆ ಎಷ್ಟು ರೋಧವಿರುತ್ತದೋ ಅಷ್ಟೇ ಸ್ಥಿರ ರೆಸಿಸ್ಟರ್‌ಗೂ ಇರಬೇಕು.

ಹಾಲಿನ ಟ್ಯಾಂಕಿನ ಲೆಕ್ಕದಲ್ಲಿ ಇದು ಸ್ಪಷ್ಟವಾಗುತ್ತದೆ. ಉಷ್ಣಾಂಶ 4ರಿಂದ 5 ಡಿಗ್ರಿಗೆ ಏರಿದಾಗ ಎಡಿಸಿ ಎಷ್ಟು ಮೆಟ್ಟಿಲು ಚಲಿಸುತ್ತದೆ ಎಂಬುದು ಇಲ್ಲಿನ ಪ್ರಶ್ನೆ. ಸ್ಥಿರ ರೆಸಿಸ್ಟರ್ 1 ಕಿಲೋಓಮ್ ಆದರೆ ಚಲನೆ ಎರಡು ಮೆಟ್ಟಿಲಿಗೂ ಕಡಿಮೆ. ಅರ್ಧ ಡಿಗ್ರಿಯನ್ನೂ ಬಿಡಿಸಿ ಹೇಳಲಾಗದು. 10 ಕಿಲೋಓಮ್ ಆದರೆ ಹತ್ತೂವರೆ ಮೆಟ್ಟಿಲು. 27 ಕಿಲೋಓಮ್ ಆದರೆ ಹದಿಮೂರು. 100 ಕಿಲೋಓಮ್‌ಗೆ ಹೋದರೆ ಮತ್ತೆ ಒಂಬತ್ತಕ್ಕೂ ಕೆಳಗೆ. ನಡುವೆ ದಿಬ್ಬವಿದೆ, ಎರಡು ಬದಿಗೂ ಇಳಿಜಾರಿದೆ, ದಿಬ್ಬದ ನೆತ್ತಿ ಅಗಲವಾಗಿದೆ. 27ರ ಬದಲು 22 ಅಥವಾ 33 ಕಿಲೋಓಮ್ ಹಾಕಿದರೆ ಕಳೆದುಕೊಳ್ಳುವುದು ಅತ್ಯಲ್ಪ.

ಈ ಆಯ್ಕೆಗೆ ತೆರುವ ಬೆಲೆಯೂ ಇದೆ. 27 ಕಿಲೋಓಮ್ ಹಾಕಿದಾಗ 35 ಡಿಗ್ರಿಯ ಬಳಿ ಚಲನೆ ಡಿಗ್ರಿಗೆ ಆರೂವರೆ ಮೆಟ್ಟಿಲಿಗೆ ಇಳಿಯುತ್ತದೆ. 10 ಕಿಲೋಓಮ್ ಹಾಕಿದ್ದರೆ ಅಲ್ಲಿಯೂ ಹತ್ತು ಇರುತ್ತಿತ್ತು. ಕೋಣೆಯ ಉಷ್ಣಾಂಶದಂತೆ ಇಡೀ ವ್ಯಾಪ್ತಿ ಸಮಾನವಾಗಿ ಮುಖ್ಯವಾದಾಗ ವ್ಯಾಪ್ತಿಯ ಎರಡು ತುದಿಗಳ ರೋಧಗಳನ್ನು ಗುಣಿಸಿ ವರ್ಗಮೂಲ ತೆಗೆದರೆ ಒಳ್ಳೆಯ ನಡುಮೌಲ್ಯ ಸಿಗುತ್ತದೆ. 27.3 ಮತ್ತು 6.5ಕ್ಕೆ ಅದು ಸುಮಾರು 13 ಕಿಲೋಓಮ್. ಹಾಲಿಗೆ ಮುಖ್ಯವಾದದ್ದು ತಂಪಿನ ತುದಿಯಾದ್ದರಿಂದ ಇಲ್ಲಿ 27 ಕಿಲೋಓಮ್ ಸಲ್ಲುತ್ತದೆ.

ಗಾತ್ರದಷ್ಟೇ ಮುಖ್ಯವಾದದ್ದು ರೆಸಿಸ್ಟರ್‌ನ ದರ್ಜೆ. ಬಂಗಾರ ಬಣ್ಣದ ಪಟ್ಟಿಯ ಸಾಮಾನ್ಯ ಕಾರ್ಬನ್ ರೆಸಿಸ್ಟರ್ ಶೇ. 5ರಷ್ಟು ಹೆಚ್ಚೋ ಕಡಿಮೆಯೋ ಇರಬಹುದು. 4 ಡಿಗ್ರಿಯ ಬಳಿ ರೋಧದಲ್ಲಿ ಶೇ. 1ರ ತಪ್ಪು ಸುಮಾರು 0.19 ಡಿಗ್ರಿಯ ತಪ್ಪಾಗುತ್ತದೆ, ಶೇ. 5 ಎಂದರೆ ಹೆಚ್ಚೂಕಡಿಮೆ ಒಂದು ಪೂರ್ತಿ ಡಿಗ್ರಿ. ಶೇ. 1ರ ಮೆಟಲ್ ಫಿಲ್ಮ್ ರೆಸಿಸ್ಟರ್‌ಗೆ ಹೆಚ್ಚುವರಿ ಖರ್ಚು ಪೈಸೆಗಳ ಲೆಕ್ಕ. ಅದು ಕಾದಾಗಲೂ ತನ್ನ ಬೆಲೆಯನ್ನು ಕಾರ್ಬನ್‌ಗಿಂತ ಚೆನ್ನಾಗಿ ಕಾಯ್ದುಕೊಳ್ಳುತ್ತದೆ.

ವೋಲ್ಟೇಜ್ ಲೆಕ್ಕದಿಂದ ಬಿದ್ದುಹೋಗುವುದು

ಯುಎಸ್‌ಬಿ ಚಾರ್ಜರ್‌ನಿಂದ ಬರುವ 5 ವೋಲ್ಟ್ ನಿಜವಾಗಿ 4.8 ಇರಬಹುದು, 5.1 ಇರಬಹುದು, ಕಂಪ್ರೆಸರ್ ಶುರುವಾದಾಗ ಕ್ಷಣಕಾಲ ಕುಸಿಯಲೂಬಹುದು. ಉಷ್ಣಾಂಶದ ಅಂಕಿ ಅದರ ಜೊತೆ ಕುಣಿಯಬಾರದು. ಇದಕ್ಕೆ ಬೇರೆ ಉಪಕರಣ ಬೇಡ. ಡಿವೈಡರ್‌ಗೆ ಕೊಡುವ ವೋಲ್ಟೇಜನ್ನೇ ಎಡಿಸಿ ತನ್ನ ಅಳತೆಗೋಲಾಗಿ ಬಳಸಿದರೆ ಸಾಕು. ಊನೋದಲ್ಲಿ ಏನೂ ಬದಲಿಸದೆ ಬಿಟ್ಟರೆ ಅದು ಹಾಗೆಯೇ ಮಾಡುತ್ತದೆ. ವೋಲ್ಟೇಜ್ ಕುಸಿದರೆ ನಡುಬಿಂದುವೂ ಕುಸಿಯುತ್ತದೆ, ಅಳತೆಗೋಲೂ ಅದೇ ಪ್ರಮಾಣದಲ್ಲಿ ಕುಗ್ಗುತ್ತದೆ, ಎಡಿಸಿಯ ಅಂಕಿ ಮಾತ್ರ ಇದ್ದಲ್ಲೇ ಇರುತ್ತದೆ. ಆ ಅಂಕಿ ಹೇಳುವುದು ವೋಲ್ಟನ್ನಲ್ಲ, ಅನುಪಾತವನ್ನು. ಆದ್ದರಿಂದ ರೋಧದ ಸೂತ್ರದಲ್ಲಿ ವೋಲ್ಟೇಜ್ ಕಾಣಿಸಿಕೊಳ್ಳುವುದೇ ಇಲ್ಲ:

```
R = Rfix × adc / (1024 − adc)
```

ಇಲ್ಲಿ `Rfix` ಸ್ಥಿರ ರೆಸಿಸ್ಟರ್, `adc` ಓದಿದ ಅಂಕಿ, `R` ಥರ್ಮಿಸ್ಟರ್‌ನ ರೋಧ. ಥರ್ಮಿಸ್ಟರ್ ಕೆಳಗಿರುವ ಜೋಡಣೆಗೆ ಈ ಸೂತ್ರ. ಅದು ಮೇಲೆ, ಸ್ಥಿರ ರೆಸಿಸ್ಟರ್ ಕೆಳಗೆ ಇದ್ದರೆ ಭಿನ್ನರಾಶಿ ತಲೆಕೆಳಗಾಗಬೇಕು. ಜೋಡಣೆ ಒಂದು ಬಗೆ, ಸೂತ್ರ ಇನ್ನೊಂದು ಬಗೆ ಆಗಿದ್ದರೆ ಬೆರಳುಗಳ ನಡುವೆ ಮಣಿಯನ್ನು ಹಿಡಿದಾಗ ಉಷ್ಣಾಂಶ ಏರುವ ಬದಲು ಇಳಿಯುತ್ತದೆ.

ಈ ಅನುಪಾತದ ಅನುಕೂಲ ಎಲ್ಲ ಚಿಪ್‌ಗಳಲ್ಲೂ ಸಿಗುವುದಿಲ್ಲ. ಇಎಸ್‌ಪಿ32ರ ಎಡಿಸಿ ತನ್ನೊಳಗಿನ ಬೇರೆಯೇ ವೋಲ್ಟೇಜನ್ನು ಅಳತೆಗೋಲಾಗಿ ಬಳಸುತ್ತದೆ. ಜೊತೆಗೆ ವ್ಯಾಪ್ತಿಯ ಎರಡು ತುದಿಗಳಲ್ಲಿ ಅದರ ಅಂಕಿ ನೇರಗೆರೆಯಲ್ಲಿ ಇರುವುದಿಲ್ಲ. ಅಂಥಲ್ಲಿ ಡಿವೈಡರ್‌ಗೆ ಹೋಗುವ ವೋಲ್ಟೇಜನ್ನೂ ಪ್ರತ್ಯೇಕವಾಗಿ ಅಳೆದು ಭಾಗಿಸಬೇಕು, ಕೆಲಸದ ಬಿಂದುವನ್ನು ವ್ಯಾಪ್ತಿಯ ನಡುವೆ ಇರಿಸಬೇಕು.

ಎಡಿಸಿಯ ಇನ್ನೊಂದು ಬೇಡಿಕೆ ಡಿವೈಡರ್‌ನ ಗಾತ್ರಕ್ಕೆ ಸಂಬಂಧಿಸಿದ್ದು. ಓದುವ ಪ್ರತಿ ಸಲವೂ ಅದು ತನ್ನೊಳಗಿನ ಒಂದು ಪುಟ್ಟ ಕೆಪಾಸಿಟರನ್ನು ನಡುಬಿಂದುವಿನಿಂದ ತುಂಬಿಸಿಕೊಳ್ಳುತ್ತದೆ. ರೋಧ ದೊಡ್ಡದಾದರೆ ಅದು ತುಂಬುವಷ್ಟರಲ್ಲಿ ಸಮಯ ಮುಗಿದಿರುತ್ತದೆ. ಊನೋದ ಚಿಪ್‌ಗೆ 10 ಕಿಲೋಓಮ್‌ವರೆಗಿನ ಮೂಲರೋಧ ಒಗ್ಗುತ್ತದೆ. 27 ಕಿಲೋಓಮ್‌ನ ಎರಡು ರೋಧಗಳು ನಡುಬಿಂದುವಿನಿಂದ ನೋಡಿದಾಗ ಸುಮಾರು 13.5 ಕಿಲೋಓಮ್ ಆಗುತ್ತವೆ, ಮಿತಿಗಿಂತ ತುಸು ಹೆಚ್ಚು. ಪಿನ್ನಿಗೂ ಗ್ರೌಂಡ್‌ಗೂ ನಡುವೆ 100 ನ್ಯಾನೋಫ್ಯಾರಡ್‌ನ ಒಂದು ಸೆರಾಮಿಕ್ ಕೆಪಾಸಿಟರ್ ಹಾಕಿದರೆ ಅದು ಸಂಗ್ರಹದ ತೊಟ್ಟಿಯಂತೆ ಕೆಲಸ ಮಾಡಿ ಈ ಕೊರತೆಯನ್ನು ನೀಗಿಸುತ್ತದೆ. ಮೋಟಾರಿನ ಗದ್ದಲವನ್ನೂ ಒಂದಿಷ್ಟು ತಡೆಯುತ್ತದೆ.

ಲಘುಗಣಕ ಏಕೆ

ಲೋಹದ ಆಕ್ಸೈಡಿನೊಳಗೆ ವಿದ್ಯುತ್ ಹರಿಯಬೇಕಾದರೆ ಎಲೆಕ್ಟ್ರಾನುಗಳು ಒಂದು ಅಣುವಿನಿಂದ ಇನ್ನೊಂದಕ್ಕೆ ಜಿಗಿಯಬೇಕು. ಪ್ರತಿ ಜಿಗಿತಕ್ಕೂ ದಾಟಬೇಕಾದ ಒಂದು ಹೊಸ್ತಿಲಿದೆ. ಆ ಹೊಸ್ತಿಲು ದಾಟುವಷ್ಟು ಶಕ್ತಿ ಇರುವ ಎಲೆಕ್ಟ್ರಾನುಗಳ ಪ್ರಮಾಣ ಉಷ್ಣಾಂಶದೊಂದಿಗೆ ಘಾತೀಯವಾಗಿ, ಅಂದರೆ ಚಕ್ರಬಡ್ಡಿಯಂತೆ ಏರುತ್ತದೆ. ಒಂದೊಂದು ಡಿಗ್ರಿಗೂ ರೋಧ ಶೇಕಡಾ ಲೆಕ್ಕದಲ್ಲಿ ಇಳಿಯುವುದು ಇದರಿಂದಲೇ. ಬಡ್ಡಿಯ ಮೊತ್ತದಿಂದ ವರ್ಷಗಳನ್ನು ಹಿಂದಕ್ಕೆ ಎಣಿಸಲು ಲಘುಗಣಕ ಬೇಕಾದಂತೆ, ರೋಧದಿಂದ ಉಷ್ಣಾಂಶವನ್ನು ಹಿಂದಕ್ಕೆ ಎಣಿಸಲೂ ಅದೇ ಬೇಕು:

```
1/T = 1/T0 + (1/B) × ln(R / R0)
```

`T` ಬೇಕಾದ ಉಷ್ಣಾಂಶ. `T0` ಆಧಾರವಾಗಿ ಹಿಡಿದ ಉಷ್ಣಾಂಶ, `R0` ಆ ಉಷ್ಣಾಂಶದಲ್ಲಿ ಥರ್ಮಿಸ್ಟರ್‌ನ ರೋಧ. `B` ಎಂದರೆ ಬೀಟಾ. ಹೊಸ್ತಿಲಿನ ಎತ್ತರವನ್ನು ಹೇಳುವ, ಆಯಾ ವಸ್ತುವಿಗೆ ವಿಶಿಷ್ಟವಾದ ಸಂಖ್ಯೆ. ಉಷ್ಣಾಂಶಗಳೆರಡೂ ಕೆಲ್ವಿನ್‌ನಲ್ಲಿರಬೇಕು, ಅಂದರೆ ಸೆಲ್ಸಿಯಸ್‌ಗೆ 273.15 ಕೂಡಿಸಿರಬೇಕು. 25 ಡಿಗ್ರಿಗೆ `T0` 298.15 ಆಗುತ್ತದೆ.

ಒಂದು ಓದನ್ನು ಪೂರ್ತಿಯಾಗಿ ಬಿಡಿಸಿ ನೋಡಬಹುದು. ಎಡಿಸಿ 515 ಎಂದಿತು. ಮೊದಲ ಸೂತ್ರದಂತೆ 27000ವನ್ನು 515ರಿಂದ ಗುಣಿಸಿ 509ರಿಂದ ಭಾಗಿಸಿದರೆ ರೋಧ ಸುಮಾರು 27318 ಓಮ್. ಅದನ್ನು 10000ದಿಂದ ಭಾಗಿಸಿದರೆ 2.7318, ಇದರ ಸ್ವಾಭಾವಿಕ ಲಘುಗಣಕ 1.005. ಅದನ್ನು 3950ರಿಂದ ಭಾಗಿಸಿದರೆ 0.0002544. 1/298.15, ಅಂದರೆ 0.0033540 ಅದಕ್ಕೆ ಸೇರಿದಾಗ 0.0036084. ಅದರ ವಿಲೋಮ 277.13 ಕೆಲ್ವಿನ್. 273.15 ಕಳೆದರೆ ಹಾಲು 3.98 ಡಿಗ್ರಿಯಲ್ಲಿದೆ.

ಇದೇ ಲೆಕ್ಕ ಪ್ರೋಗ್ರಾಮಿನಲ್ಲಿ ನಾಲ್ಕು ಸಾಲು:

```
float adc = analogRead(A0);
float r   = 27000.0 * adc / (1024.0 - adc);
float tK  = 1.0 / (1.0/298.15 + log(r/10000.0)/3950.0);
float tC  = tK - 273.15;
```

ಈ ನಾಲ್ಕು ಸಾಲಿನಲ್ಲಿ ಎಡವುವ ಜಾಗಗಳು ಎರಡು. ಮೊದಲನೆಯದು ಲಘುಗಣಕದ ಬಗೆ. ಪ್ರೋಗ್ರಾಮಿನ `log()` ಸ್ವಾಭಾವಿಕ ಲಘುಗಣಕ, ಬೇಕಾದದ್ದೂ ಅದೇ. ಕ್ಯಾಲ್ಕುಲೇಟರಿನ `log` ಕೀಲಿ ಮತ್ತು ಪ್ರೋಗ್ರಾಮಿನ `log10()` ಹತ್ತರ ಆಧಾರದವು. ಅವನ್ನು ಬಳಸಿದರೆ 4 ಡಿಗ್ರಿಯ ಹಾಲು ಪರದೆಯ ಮೇಲೆ 15.5 ಡಿಗ್ರಿಯಾಗುತ್ತದೆ. ಎರಡನೆಯದು ಪೂರ್ಣಾಂಕದ ಲೆಕ್ಕ. ಊನೋದಲ್ಲಿ ಸಾಮಾನ್ಯ `int` 32767ರ ಆಚೆಗೆ ಹೋಗಲಾರದು. 27000ವನ್ನು 515ರಿಂದ ಗುಣಿಸಿದಾಗ ಬರುವ ಸಂಖ್ಯೆ ಅದರಲ್ಲಿ ಹಿಡಿಸದೆ ಏನೇನೋ ಆಗುತ್ತದೆ. ಸಂಖ್ಯೆಗಳ ಕೊನೆಗೆ `.0` ಹಾಕುವುದು ಇದನ್ನು ತಪ್ಪಿಸಲಿಕ್ಕೆ.

ಬೀಟಾ ತಪ್ಪಾದರೆ

10 ಕಿಲೋಓಮ್ ಎಂದು ಮಾರುವ ಥರ್ಮಿಸ್ಟರ್‌ಗಳೆಲ್ಲ ಒಂದೇ ಅಲ್ಲ. ಬೀಟಾ 3950 ಇರುವಂತೆಯೇ 3435 ಇರುವವೂ ಸಾಮಾನ್ಯ, ಮೇಲ್ನೋಟಕ್ಕೆ ಎರಡಕ್ಕೂ ವ್ಯತ್ಯಾಸವಿಲ್ಲ. 3950ರ ಮಣಿಯನ್ನು ಹಾಕಿ ಸೂತ್ರದಲ್ಲಿ 3435 ಎಂದು ಬರೆದರೆ ನಿಜವಾಗಿ 4 ಡಿಗ್ರಿ ಇರುವಾಗ 1.1 ಎಂದು ಕಾಣುತ್ತದೆ. ಕೂಲರ್ ಆ ಅಂಕಿಯನ್ನು ನಂಬಿ ನಡೆಯುತ್ತದೆ. ಪರದೆಯಲ್ಲಿ 4 ಬಂದಾಗ ಕಂಪ್ರೆಸರ್ ನಿಲ್ಲುತ್ತದೆ, ಒಳಗಿನ ಹಾಲು ಆಗಿನ್ನೂ 6.6 ಡಿಗ್ರಿಯಲ್ಲಿರುತ್ತದೆ.

ಈ ತಪ್ಪನ್ನು ಗುರುತಿಸುವ ಬಗೆ ಸುಲಭ. ಬೀಟಾ ಎಷ್ಟೇ ತಪ್ಪಾಗಿದ್ದರೂ ಆಧಾರಬಿಂದುವಿನಲ್ಲಿ, ಅಂದರೆ 25 ಡಿಗ್ರಿಯಲ್ಲಿ, ಅಂಕಿ ಸರಿಯಾಗಿಯೇ ಬರುತ್ತದೆ, ಏಕೆಂದರೆ ಅಲ್ಲಿ ಲಘುಗಣಕ ಸೊನ್ನೆ. ಅಲ್ಲಿಂದ ದೂರ ಹೋದಂತೆ ತಪ್ಪು ಬೆಳೆಯುತ್ತದೆ. ಮೇಜಿನ ಮೇಲೆ ಕೋಣೆಯ ಗಾಳಿಯಲ್ಲಿ ಪರೀಕ್ಷಿಸಿದಾಗ ಸರಿ, ಟ್ಯಾಂಕಿಗಿಳಿಸಿದಾಗ ತಪ್ಪು ಎಂದಾದರೆ ಅನುಮಾನ ಪಡಬೇಕಾದದ್ದು ಬೀಟಾವನ್ನು. ಎಲ್ಲ ಕಡೆಯೂ ಹೆಚ್ಚೂಕಡಿಮೆ ಒಂದೇ ಅಳತೆಯ ತಪ್ಪಿದ್ದರೆ ಸ್ಥಿರ ರೆಸಿಸ್ಟರನ್ನೋ `R0` ಬೆಲೆಯನ್ನೋ ನೋಡಬೇಕು.

ಬೀಟಾ ಸರಿಯಾಗಿದ್ದರೂ ಅದು ನಿಜವಾದ ಸ್ಥಿರಾಂಕವಲ್ಲ. ಉಷ್ಣಾಂಶದೊಂದಿಗೆ ಅದೂ ನಿಧಾನವಾಗಿ ಜಾರುತ್ತದೆ. ಹಾಗಾಗಿ ಮಾಹಿತಿ ಹಾಳೆಗಳಲ್ಲಿ 25ರಿಂದ 50 ಡಿಗ್ರಿಯ ನಡುವಿನ ಬೀಟಾ, 25ರಿಂದ 85ರ ನಡುವಿನ ಬೀಟಾ ಎಂದು ಬೇರೆ ಬೇರೆ ಕೊಟ್ಟಿರುತ್ತಾರೆ. ಜಾನ್ ಸ್ಟೈನ್‌ಹಾರ್ಟ್ ಮತ್ತು ಸ್ಟ್ಯಾನ್ಲಿ ಹಾರ್ಟ್ 1968ರಲ್ಲಿ ಸಾಗರ ಸಂಶೋಧನೆಯ ಒಂದು ನಿಯತಕಾಲಿಕದಲ್ಲಿ ಈ ಬಾಗನ್ನೂ ಹಿಡಿದಿಡುವ ಸೂತ್ರವನ್ನು ಪ್ರಕಟಿಸಿದರು:

```
1/T = a + b × ln R + c × (ln R)^3
```

ಮೂರು ತಿಳಿದ ಉಷ್ಣಾಂಶಗಳಲ್ಲಿ ರೋಧ ಅಳೆದರೆ ಮೂರು ಗುಣಾಂಕಗಳು ಸಿಗುತ್ತವೆ. ಸೊನ್ನೆಯಿಂದ ನೂರು ಡಿಗ್ರಿಯಂಥ ಅಗಲ ವ್ಯಾಪ್ತಿಗೆ ಈ ಸೂತ್ರವೇ ಸರಿ. ಆದರೆ ಮೂರೂ ಬಿಂದುಗಳನ್ನು ನಿಖರವಾಗಿ ಅಳೆಯುವ ಅನುಕೂಲವಿಲ್ಲದೆ, ಎಲ್ಲಿಂದಲೋ ಸಿಕ್ಕಿದ ಗುಣಾಂಕಗಳನ್ನು ಹಾಕಿದರೆ ಅದು ಬೀಟಾ ಸೂತ್ರಕ್ಕಿಂತ ಕಡೆಯಾಗುತ್ತದೆ. ಹಾಲಿನ ಟ್ಯಾಂಕಿನಂತೆ ಮುಖ್ಯವಾದ ವ್ಯಾಪ್ತಿ ಕಿರಿದಾಗಿದ್ದರೆ ಬೀಟಾ ಸೂತ್ರವೇ ಸಾಕು, ಆಧಾರಬಿಂದುವನ್ನು ಸರಿಯಾದ ಕಡೆ ನೆಟ್ಟರೆ.

ಮಂಜುಗಡ್ಡೆಯ ಲೋಟ

ಸೂತ್ರದಲ್ಲಿ 25 ಡಿಗ್ರಿಯೇ ಆಧಾರವಾಗಬೇಕೆಂಬ ಕಟ್ಟಳೆಯಿಲ್ಲ. ತಯಾರಕರು ಅದನ್ನು ಕೊಡುತ್ತಾರೆ ಎಂಬುದಷ್ಟೇ ಅದರ ಹೆಗ್ಗಳಿಕೆ. 4 ಡಿಗ್ರಿಯ ನೆರೆಯಲ್ಲೇ, ಅಡುಗೆಮನೆಯಲ್ಲೇ ಸಿಗುವ ಇನ್ನೂ ನಂಬಿಕಸ್ಥ ಬಿಂದುವಿದೆ: ಕರಗುತ್ತಿರುವ ಮಂಜುಗಡ್ಡೆ, ಸೊನ್ನೆ ಡಿಗ್ರಿ.

ಅದನ್ನು ಮಾಡುವುದರಲ್ಲೂ ಒಂದು ಹದವಿದೆ. ಮಂಜುಗಡ್ಡೆಯನ್ನು ಪುಡಿ ಮಾಡಿ ಫ್ಲಾಸ್ಕಿಗೆ ತುಂಬಿ, ಸಂದುಗಳು ಮುಚ್ಚುವಷ್ಟು ಮಾತ್ರ ತಣ್ಣೀರು ಹಾಕಬೇಕು. ನೀರು ಹೆಚ್ಚಾಗಿ ಗಡ್ಡೆಗಳು ಮೇಲೆ ತೇಲತೊಡಗಿದರೆ ತಳದ ನೀರು ಸೊನ್ನೆಯಲ್ಲಿರುವುದಿಲ್ಲ. ನೀರು ಅತಿ ಭಾರವಾಗಿರುವುದು 4 ಡಿಗ್ರಿಯಲ್ಲಿ, ಆ ನೀರೇ ತಳದಲ್ಲಿ ಕೂರುತ್ತದೆ. ಥರ್ಮಿಸ್ಟರ್‌ನ ಮಣಿ ಗಡ್ಡೆಯ ಪುಡಿಯ ನಡುವೆ ಇರಬೇಕು, ತಳಕ್ಕೂ ಗೋಡೆಗೂ ತಾಗಬಾರದು. ತಂತಿಯ ಒಂದಷ್ಟು ಉದ್ದವೂ ಮುಳುಗಿರಬೇಕು, ಇಲ್ಲವಾದರೆ ಹೊರಗಿನ ಬಿಸಿ ತಾಮ್ರದ ಮೂಲಕ ಮಣಿಗೆ ಇಳಿದು ಬರುತ್ತದೆ. ಆಗಾಗ ಕಲಕುತ್ತ ಐದು ನಿಮಿಷ ಕಾದು, ಅಂಕಿ ನಿಂತ ಮೇಲೆ ಎಡಿಸಿಯ ಬೆಲೆಯನ್ನು ಬರೆದುಕೊಳ್ಳಬೇಕು.

ಅದು 564 ಎಂದಿಟ್ಟುಕೊಳ್ಳೋಣ. ಮಾಹಿತಿ ಹಾಳೆಯ ಬೆಲೆಗಳ ಪ್ರಕಾರ 568ರ ಹತ್ತಿರ ಬರಬೇಕಿತ್ತು. ಹಳೆಯ ಸೂತ್ರ ಇದನ್ನು 0.3 ಡಿಗ್ರಿ ಎಂದು ತೋರಿಸುತ್ತದೆ. ಈಗ 564ರಿಂದ ಬರುವ ರೋಧ, 33104 ಓಮ್, ಹೊಸ `R0`. ಹೊಸ `T0` 273.15.

ಇದರಿಂದ ಆಗುವ ಲಾಭ ಎರಡು. ಸೂತ್ರದಲ್ಲಿ ಬರುವುದು `R` ಮತ್ತು `R0`ಗಳ ಅನುಪಾತ. ಎರಡನ್ನೂ ಅದೇ ಸ್ಥಿರ ರೆಸಿಸ್ಟರ್ ಮೂಲಕ ಅಳೆದದ್ದರಿಂದ ಅದರ ತಪ್ಪು ಮೇಲೂ ಕೆಳಗೂ ಸಮನಾಗಿ ಕೂತು ಹೊಡೆದುಹೋಗುತ್ತದೆ. ಅದು 27000 ಓಮ್ ಇರಲಿ 26500 ಇರಲಿ, ಅನುಪಾತ ಅದೇ. ಈ ಮೊದಲು ವೋಲ್ಟೇಜ್ ಲೆಕ್ಕದಿಂದ ಬಿದ್ದುಹೋಗಿತ್ತು, ಈಗ ಸ್ಥಿರ ರೆಸಿಸ್ಟರೂ ಥರ್ಮಿಸ್ಟರ್‌ನ 25 ಡಿಗ್ರಿಯ ಬೆಲೆಯೂ ಬಿದ್ದುಹೋದವು. ಉಳಿದದ್ದು ಬೀಟಾ ಒಂದೇ. ಎರಡನೆಯ ಲಾಭ ಆ ಬೀಟಾದ ಕುರಿತದ್ದು. 25 ಡಿಗ್ರಿಯನ್ನು ಆಧಾರವಾಗಿಟ್ಟುಕೊಂಡಾಗ ಬೀಟಾದಲ್ಲಿ ಶೇ. 1ರ ತಪ್ಪು 4 ಡಿಗ್ರಿಯ ಬಳಿ 0.2 ಡಿಗ್ರಿಯಷ್ಟು ಬಾಧಿಸುತ್ತಿತ್ತು. ಸೊನ್ನೆಯನ್ನು ಆಧಾರವಾಗಿಟ್ಟುಕೊಂಡರೆ ಅದೇ ತಪ್ಪು 0.04 ಡಿಗ್ರಿಗೆ ಇಳಿಯುತ್ತದೆ. 35ರ ಬಳಿ ಅದು 0.4ಕ್ಕೆ ಏರುತ್ತದೆ ನಿಜ, ಆದರೆ ಅಲ್ಲಿ ಅದರಿಂದ ನಷ್ಟವಿಲ್ಲ.

ಬೀಟಾವನ್ನೂ ತಿದ್ದಬೇಕೆಂದರೆ ಎರಡನೆಯ ಬಿಂದು ಬೇಕು. ಕುದಿಯುವ ನೀರು ಇದಕ್ಕೆ ಅಷ್ಟಾಗಿ ಒಗ್ಗದು. ಒಂದು, ಅದು ಬೇಕಾದ ವ್ಯಾಪ್ತಿಯಿಂದ ಬಹಳ ದೂರ. ಎರಡು, ಅದು ಎಲ್ಲೆಡೆ 100 ಡಿಗ್ರಿಯಲ್ಲ. ಮಂಗಳೂರಿನಲ್ಲಿ ನೂರರ ಹತ್ತಿರ ಕುದಿಯುವ ನೀರು 900 ಮೀಟರಿಗೂ ಎತ್ತರದ ಬೆಂಗಳೂರಿನಲ್ಲಿ 97ರ ಆಸುಪಾಸಿನಲ್ಲೇ ಕುದಿಯುತ್ತದೆ. ಉಗುರುಬೆಚ್ಚಗಿನ ನೀರು ಮತ್ತು ಒಂದು ಒಳ್ಳೆಯ ಡಿಜಿಟಲ್ ಜ್ವರಮಾಪಕ ಉತ್ತಮ. ಜ್ವರಮಾಪಕ 37.0 ಎಂದಾಗ ಎಡಿಸಿ 187 ಎಂದಿತು ಎಂದುಕೊಂಡರೆ ರೋಧ 6032 ಓಮ್. ಎರಡು ರೋಧಗಳ ಅನುಪಾತದ ಲಘುಗಣಕವನ್ನು 1/273.15 ಮತ್ತು 1/310.15ರ ವ್ಯತ್ಯಾಸದಿಂದ ಭಾಗಿಸಿದರೆ ಆ ಮಣಿಯ ಸ್ವಂತ ಬೀಟಾ ಸಿಗುತ್ತದೆ: 1.7026ನ್ನು 0.00043674ರಿಂದ ಭಾಗಿಸಿದಾಗ ಸುಮಾರು 3900. ಪೊಟ್ಟಣದ ಮೇಲೆ 3950 ಎಂದು ಬರೆದಿದ್ದರೂ ಸೂತ್ರಕ್ಕೆ ಹೋಗಬೇಕಾದದ್ದು ಈ ಸಂಖ್ಯೆ.

ಸೂತ್ರದ ಹೊರಗಿನ ತಪ್ಪುಗಳು

ಥರ್ಮಿಸ್ಟರ್ ಮೂಲಕ ಹರಿಯುವ ವಿದ್ಯುತ್ ಅದನ್ನೇ ಬಿಸಿ ಮಾಡುತ್ತದೆ. ನಿಂತ ಗಾಳಿಯಲ್ಲಿ ಪುಟ್ಟ ಎಪಾಕ್ಸಿ ಮಣಿ ಒಂದೆರಡು ಮಿಲಿವ್ಯಾಟ್‌ಗೇ ಒಂದು ಡಿಗ್ರಿ ಏರಬಹುದು. 5 ವೋಲ್ಟ್, 10 ಕಿಲೋಓಮ್ ಜೋಡಿಯಲ್ಲಿ 25 ಡಿಗ್ರಿಯ ಬಳಿ ಮಣಿಯ ಪಾಲು 0.6 ಮಿಲಿವ್ಯಾಟ್. ಅಷ್ಟೇ ಸಾಕು, ಅಂಕಿ 0.3 ಡಿಗ್ರಿಯೋ ಇನ್ನೂ ಹೆಚ್ಚೋ ಮೇಲೆ ಕೂರುತ್ತದೆ. 4 ಡಿಗ್ರಿಯಲ್ಲಿ 27 ಕಿಲೋಓಮ್ ಜೋಡಿಗೆ ಅದು ಕಾಲು ಮಿಲಿವ್ಯಾಟ್‌ಗೂ ಕಡಿಮೆ, ಅದನ್ನೂ ಸುತ್ತಲಿನ ಹಾಲು ಬೇಗ ಎಳೆದುಕೊಳ್ಳುತ್ತದೆ. ಗಾಳಿಯನ್ನು ಅಳೆಯುವ ಕಡೆ ಡಿವೈಡರ್‌ಗೆ ಸದಾ ವೋಲ್ಟೇಜ್ ಕೊಡದೆ, ಓದುವ ಕ್ಷಣದಲ್ಲಿ ಮಾತ್ರ ಒಂದು ಪಿನ್ ಮೂಲಕ ಕೊಟ್ಟು ಮತ್ತೆ ಆರಿಸುವುದು ವಾಡಿಕೆ. ಚಾಲೂ ಮಾಡಿದ ತಕ್ಷಣದ ಅಂಕಿಗೂ ಒಂದು ನಿಮಿಷದ ನಂತರದ ಅಂಕಿಗೂ ವ್ಯತ್ಯಾಸ ಕಂಡರೆ ಅದು ಈ ಬಿಸಿಯ ಗುರುತು.

ಮೂರು ಮೀಟರ್ ತಂತಿಯ ರೋಧ ಒಂದು ಓಮಿನ ಆಸುಪಾಸು. 27000 ಓಮಿನ ಮುಂದೆ ಅದು ಲೆಕ್ಕಕ್ಕೇ ಬರುವುದಿಲ್ಲ. ತಂತಿಯಿಂದ ಬರುವ ನಿಜವಾದ ಕಾಟ 50 ಹರ್ಟ್ಸ್‌ನ ಗುಂಯ್‌ಗುಡುವಿಕೆ. ಎರಡು ತಂತಿಗಳನ್ನು ಹುರಿಯಾಗಿ ಹೊಸೆದು, ಮೋಟಾರಿನ ಕೇಬಲ್ಲಿನಿಂದ ದೂರ ಎಳೆದು, ಮೇನ್ಸ್‌ನ ಒಂದು ಪೂರ್ಣ ಆವರ್ತದಷ್ಟು, ಅಂದರೆ 20 ಮಿಲಿಸೆಕೆಂಡಿನಷ್ಟು ಕಾಲ ಸತತವಾಗಿ ಓದಿ ಸರಾಸರಿ ತೆಗೆದರೆ ಏರು ಇಳಿತಗಳು ಒಂದನ್ನೊಂದು ಅಳಿಸುತ್ತವೆ. ಊನೋದಲ್ಲಿ ಆ ಅವಧಿಗೆ ಸುಮಾರು 180 ಓದುಗಳು ಸಿಗುತ್ತವೆ.

ನಿಧಾನವಾಗಿ ಬರುವ ತಪ್ಪು ತೇವದ್ದು. ಹಾಲಿನ ಟ್ಯಾಂಕನ್ನು ದಿನವೂ ತೊಳೆಯುತ್ತಾರೆ, ನೀರು ತಂತಿಯ ಜೋಡಣೆಯೊಳಗೆ ಇಳಿಯುತ್ತದೆ, ಥರ್ಮಿಸ್ಟರ್‌ನ ಎರಡು ತಂತಿಗಳ ನಡುವೆ ಕಳ್ಳದಾರಿಯೊಂದು ಹುಟ್ಟಿಕೊಳ್ಳುತ್ತದೆ. ಅದರ ರೋಧ 500 ಕಿಲೋಓಮ್‌ನಷ್ಟು ದೊಡ್ಡದಿದ್ದರೂ ಸಾಕು, 27.3 ಕಿಲೋಓಮ್ 25.9 ಆಗಿ ಕಾಣುತ್ತದೆ, 4 ಡಿಗ್ರಿ 5 ಡಿಗ್ರಿಯಾಗುತ್ತದೆ. ಬಿಸಿ ಹಾಲಿರುವಾಗ ಸರಿ, ತಣ್ಣಗಾದಂತೆ ಹೆಚ್ಚು ಹೆಚ್ಚು ಬಿಸಿ ತೋರಿಸುವುದು ಇದರ ಲಕ್ಷಣ, ಏಕೆಂದರೆ ಥರ್ಮಿಸ್ಟರ್‌ನ ರೋಧ ದೊಡ್ಡದಾದಾಗಲೇ ಕಳ್ಳದಾರಿ ಹೆಚ್ಚು ಸೆಳೆಯುತ್ತದೆ. ಆರು ತಿಂಗಳಿಗೊಮ್ಮೆ ಮಂಜುಗಡ್ಡೆಯ ಪರೀಕ್ಷೆ ಮಾಡಿ ಎಡಿಸಿಯ ಅಂಕಿಯನ್ನು ಹಳೆಯ 564ರೊಡನೆ ಹೋಲಿಸಿದರೆ ಈ ಜಾರುವಿಕೆ ಗೊತ್ತಾಗುತ್ತದೆ.

ಕೊನೆಯದು ತಂತಿ ತುಂಡಾಗುವುದು. ಥರ್ಮಿಸ್ಟರ್ ಕಡಿದುಹೋದರೆ ನಡುಬಿಂದು 5 ವೋಲ್ಟಿಗೆ ಏರಿ ಎಡಿಸಿ 1023 ಎನ್ನುತ್ತದೆ, 25 ಡಿಗ್ರಿಯ ಆಧಾರದ ಸೂತ್ರ ಅದನ್ನು ಸುಮಾರು ಸೊನ್ನೆಗಿಂತ 87 ಡಿಗ್ರಿ ಕೆಳಗೆ ಎಂದು ಬಿಡಿಸುತ್ತದೆ. ಎರಡು ತಂತಿಗಳು ಒಂದಕ್ಕೊಂದು ತಾಗಿ ಎಡಿಸಿ ಸೊನ್ನೆಯಾದರೆ ಲಘುಗಣಕ ಅನಂತಕ್ಕಿಳಿದು ಪರದೆಯಲ್ಲಿ `-273.15` ಮೂಡುತ್ತದೆ. ಎರಡೂ ಸಂದರ್ಭಗಳಲ್ಲಿ ಕೂಲರ್ ಹಾಲು ಬೇಕಾದಷ್ಟು ತಣ್ಣಗಿದೆ ಎಂದುಕೊಂಡು ಕಂಪ್ರೆಸರ್ ನಿಲ್ಲಿಸುತ್ತದೆ, ಬೆಳಗಿನ ಹೊತ್ತಿಗೆ ಟ್ಯಾಂಕಿನ ಹಾಲು ಒಡೆದಿರುತ್ತದೆ. ಕಾಯಿಸುವ ಸಾಧನಗಳಲ್ಲಿ ಇದೇ ತಪ್ಪು ಹೀಟರನ್ನು ಆರದಂತೆ ಉರಿಸುತ್ತದೆ. ಅದಕ್ಕೇ ಉಷ್ಣಾಂಶದ ಲೆಕ್ಕಕ್ಕೆ ಮುಂಚೆಯೇ ಎಡಿಸಿಯ ಅಂಕಿಯನ್ನು ಪರೀಕ್ಷಿಸಬೇಕು. ಈ ಟ್ಯಾಂಕಿನಲ್ಲಿ ಸರಿಯಾದ ಓದು 150ರಿಂದ 600ರ ಆಚೆಗೆ ಹೋಗಲು ಕಾರಣವೇ ಇಲ್ಲ. 20ಕ್ಕಿಂತ ಕೆಳಗೋ 1000ಕ್ಕಿಂತ ಮೇಲೋ ಹೋದರೆ ಅದನ್ನು ಉಷ್ಣಾಂಶವಾಗಿ ಬಿಡಿಸದೆ, ತಂತಿ ಕೆಟ್ಟಿದೆ ಎಂದು ಗಂಟೆ ಬಾರಿಸುವಂತೆ ಬರೆಯಬೇಕು.